ಸರಾಸರಿ ಒಂಬತ್ತು, ಏರಿಳಿತ ನಲವತ್ತನಾಲ್ಕು

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಹರಾಜು ಕಂಡವರು ಸರಾಸರಿ ಎಂಬ ಮಾತನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. 2023ರ ಜುಲೈನಲ್ಲಿ ಅಲ್ಲಿ 15 ಕೆಜಿಯ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಪಕ್ಕಕ್ಕೆ ಸುರಿದು ಹೋದ ದಿನಗಳನ್ನೂ ಇದೇ ಯಾರ್ಡು ಕಂಡಿದೆ. ಎರಡನ್ನೂ ಕೂಡಿಸಿ ಭಾಗಿಸಿ 'ವರ್ಷದ ಸರಾಸರಿ ಬೆಲೆ ಚೆನ್ನಾಗಿಯೇ ಇತ್ತಲ್ಲ' ಎಂದು ಯಾರಾದರೂ ಹೇಳಿದರೆ, ಮಂಡಿಯಲ್ಲಿ ಬಾಕ್ಸಿನ ಮೇಲೆ ಕೂತ ರೈತ ನಗುತ್ತಾನೆ. ಅವನ ಹಣ್ಣು ಯಾರ್ಡಿಗೆ ಬಂದದ್ದು ಯಾವ ದಿನ ಎನ್ನುವುದೇ ಅವನಿಗೆ ಮುಖ್ಯ.

ಅದೇ ಮನೆಯಲ್ಲಿ ಎರಡು ಹಸು ಇದ್ದರೆ ಲೆಕ್ಕ ಬೇರೆ. ಡೇರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಹಾಲಿನ ಅಳತೆ, ಫ್ಯಾಟ್ ನೋಡಿಕೊಂಡು ನೂರಿನ್ನೂರು ರೂಪಾಯಿ ಹೆಚ್ಚು ಕಡಿಮೆ ಆಗಬಹುದು, ಅಷ್ಟೇ. ನಮ್ಮ ಕಡೆ ಅಂಗಡಿಯವರು ಸಾಲ ಬರೆದುಕೊಳ್ಳುವಾಗ 'ಬಟವಾಡೆಗೆ ಕೊಡ್ತೀನಿ' ಅಂದರೆ ಒಪ್ಪುತ್ತಾರೆ, 'ಟೊಮೆಟೊ ಬಂದ್ರೆ ಕೊಡ್ತೀನಿ' ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ವರ್ಷದ ಕೊನೆಗೆ ಎರಡರಿಂದಲೂ ಒಂದೇ ಮೊತ್ತ ಬಂದಿರಬಹುದು. ಸರಾಸರಿ ಒಂದೇ, ಏರಿಳಿತ ಬೇರೆ. ಆ ಏರಿಳಿತವನ್ನು ಒಂದು ಸಂಖ್ಯೆಯಲ್ಲಿ ಹಿಡಿಯುವ ಅಳತೆಗೆ ಪಿಯುಸಿ ಪುಸ್ತಕದಲ್ಲಿ ಮಾನಕ ವಿಚಲನೆ ಎನ್ನುತ್ತಾರೆ. ಮ್ಯೂಚುವಲ್ ಫಂಡಿನವರ ಕಾಗದದಲ್ಲಿ ಅದೇ ಸ್ಟ್ಯಾಂಡರ್ಡ್ ಡೀವಿಯೇಷನ್.

ನಾನು ಹಲವು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು. ಈಗಲೂ ಕಾಲೇಜಿನವರು ಪೋಷಕರ ಸಭೆಗೆ ಕರೆದರೆ ಹೋಗುತ್ತೇನೆ. ಮಕ್ಕಳ ಓದಿಗೆ ದುಡ್ಡು ಕೂಡಿಡುವ ಮಾತು ಅಲ್ಲಿ ಬಂದೇ ಬರುತ್ತದೆ. ಕಳೆದ ಸಲ ಶ್ರೀನಿವಾಸಪುರದ ಕಡೆಯ ಮಾವಿನ ತೋಪಿನ ಯಜಮಾನರೊಬ್ಬರು ಮೊಬೈಲ್ ಚಾಚಿದರು. "ಸಾರ್, ಇದು ವರ್ಷಕ್ಕೆ ಸರಾಸರಿ ಹನ್ನೆರಡು ಪರ್ಸೆಂಟ್ ಕೊಟ್ಟೈತಂತೆ. ಮಗಳು ಈಗ ಒಂಬತ್ತನೇ ಕ್ಲಾಸು. ಮೂರು ವರ್ಷ ಹಾಕಿದ್ರೆ ಮೂರು ಹನ್ನೆರಡ್ಲಿ ಮೂವತ್ತಾರು ಪರ್ಸೆಂಟ್ ಬಂತು ಅಂತ ತಾನೆ?"

ಆ 'ಅಂತ ತಾನೆ' ಎಂಬ ಪ್ರಶ್ನೆಗೆ ಉತ್ತರ ಕೊಡಲು ಒಂದು ನಿಜವಾದ ಐದು ವರ್ಷದ ಕಥೆ ಸಾಕು.

ನಮ್ಮ ದೇಶದ ಐವತ್ತು ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ತೋರಿಸುವ ಸೂಚ್ಯಂಕ ನಿಫ್ಟಿ 50. ಅದು 2008ರಲ್ಲಿ ಶೇ 52ರಷ್ಟು ಬಿತ್ತು. 2009ರಲ್ಲಿ ಶೇ 76 ಏರಿತು. 2010ರಲ್ಲಿ ಶೇ 18 ಏರಿತು, 2011ರಲ್ಲಿ ಶೇ 25 ಇಳಿಯಿತು, 2012ರಲ್ಲಿ ಮತ್ತೆ ಶೇ 28 ಏರಿತು. ಲೆಕ್ಕ ಸಲೀಸಾಗಲಿ ಎಂದು ದಶಮಾಂಶ ಬಿಟ್ಟಿದ್ದೇನೆ. ಡಿವಿಡೆಂಡ್ ಇದರಲ್ಲಿ ಸೇರಿಲ್ಲ, ಬರೀ ಬೆಲೆಯ ಏರಿಳಿತ. ಐದನ್ನೂ ಕೂಡಿಸಿ: ಏರಿದ್ದು 122, ಇಳಿದದ್ದು 77, ಉಳಿದದ್ದು 45. ಐದರಿಂದ ಭಾಗಿಸಿದರೆ 9. ವರ್ಷಕ್ಕೆ ಸರಾಸರಿ ಶೇ 9.

ಯಾರಾದರೂ ಆ ಐದು ವರ್ಷ ಮುಗಿದ ಮೇಲೆ ನಿಮ್ಮ ಮನೆ ಜಗುಲಿಯಲ್ಲಿ ಕೂತು 'ವರ್ಷಕ್ಕೆ ಸರಾಸರಿ ಒಂಬತ್ತು' ಎಂದು ಹೇಳಿದ್ದರೆ ಅದು ಸುಳ್ಳಲ್ಲ. ಆದರೆ ನಿಫ್ಟಿ 2007ರ ಕೊನೆಗೆ ಇದ್ದದ್ದು 6,138ರಲ್ಲಿ. 2012ರ ಕೊನೆಗೆ ಇದ್ದದ್ದು 5,905ರಲ್ಲಿ. ಒಂದು ಲಕ್ಷ ಹಾಕಿದವನ ಕೈಯಲ್ಲಿ ಐದು ವರ್ಷದ ನಂತರ ಉಳಿದದ್ದು ಸುಮಾರು 96,200 ರೂಪಾಯಿ. ಸರಾಸರಿ ಒಂಬತ್ತು ಬಂದಿದೆ, ಅಸಲಿನಲ್ಲಿ ನಾಲ್ಕು ಸಾವಿರ ಹೋಗಿದೆ! ಎರಡೂ ಸರಿಯಾದ ಲೆಕ್ಕವೇ. ಇದನ್ನು ಬೋರ್ಡಿನ ಮೇಲೆ ಬರೆದಾಗ ಸಭೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಮುಳಬಾಗಿಲಿನಿಂದ ಬಂದಿದ್ದ ತಾಯಿಯೊಬ್ಬರು, "ಹಂಗಾದ್ರೆ ಆ ಒಂಬತ್ತು ಎಲ್ಲಿಗೋಯ್ತು ಸಾರ್?" ಎಂದರು. ಅಂದು ಕೇಳಿದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅದೇ.

ಅದು ಎಲ್ಲಿಗೆ ಹೋಯಿತು ಎಂದು ಹುಡುಕಲು ಮೊದಲು ಏರಿಳಿತವನ್ನು ಅಳೆಯಬೇಕು. ಅಳೆಯುವ ಕ್ರಮ ಹೀಗಿದೆ. ಸರಾಸರಿ 9 ಎಂದು ಗೊತ್ತು. ಪ್ರತಿ ವರ್ಷವೂ ಆ ಒಂಬತ್ತರಿಂದ ಎಷ್ಟು ದೂರ ನಿಂತಿದೆ ನೋಡಿ. 2008 ಕೆಳಗೆ 61, 2009 ಮೇಲೆ 67, 2010 ಮೇಲೆ 9, 2011 ಕೆಳಗೆ 34, 2012 ಮೇಲೆ 19. ಈ ದೂರಗಳನ್ನು ಹಾಗೇ ಕೂಡಿಸಿದರೆ ಮೇಲಿನದು 95, ಕೆಳಗಿನದು 95, ಉತ್ತರ ಸೊನ್ನೆ. ಯಾವ ಪಟ್ಟಿ ತೆಗೆದುಕೊಂಡರೂ ಸೊನ್ನೆಯೇ ಬರುತ್ತದೆ, ಸರಾಸರಿಯ ಅರ್ಥವೇ ಅದು. ಹಾಗಾಗಿ ಒಂದೊಂದು ದೂರವನ್ನೂ ಅದರಿಂದಲೇ ಗುಣಿಸುತ್ತೇವೆ, ಅಂದರೆ ವರ್ಗ ಮಾಡುತ್ತೇವೆ. ಆಗ ಮೈನಸ್ ಚಿಹ್ನೆ ಮಾಯವಾಗುತ್ತದೆ. 3,721, 4,489, 81, 1,156, 361. ಒಟ್ಟು 9,808. ಐದರಿಂದ ಭಾಗಿಸಿದರೆ ಸುಮಾರು 1,962. ಗುಣಿಸಿ ಹಿಗ್ಗಿಸಿದ್ದನ್ನು ಮತ್ತೆ ಮೊದಲ ಅಳತೆಗೆ ತರಬೇಕಲ್ಲ, ಅದಕ್ಕೆ ವರ್ಗಮೂಲ ತೆಗೆಯುತ್ತೇವೆ: 44.

ಸರಾಸರಿ 9, ಮಾನಕ ವಿಚಲನೆ 44. ಈ ಎರಡನೆಯ ಸಂಖ್ಯೆಯನ್ನು ಹೀಗೆ ಓದಿಕೊಳ್ಳಿ: ಯಾವುದೋ ಒಂದು ವರ್ಷದ ಫಲ ಒಂಬತ್ತರಿಂದ ಮೇಲಕ್ಕೋ ಕೆಳಕ್ಕೋ ನಲವತ್ತನಾಲ್ಕರಷ್ಟು ದೂರ ಹೋಗುವುದು ಆ ಕಾಲದಲ್ಲಿ ಮಾಮೂಲು. ಒಂಬತ್ತರ ಹತ್ತಿರ ಬಂದ ವರ್ಷ ಆ ಐದರಲ್ಲಿ ಒಂದೇ, 2010. ಅದೂ ದುಪ್ಪಟ್ಟು.

ವರ್ಗ ಮಾಡುವುದರಿಂದ ಇನ್ನೊಂದು ಪರಿಣಾಮವಿದೆ. ಆ 9,808ರಲ್ಲಿ 8,210 ಬಂದಿರುವುದು ಎರಡೇ ವರ್ಷಗಳಿಂದ, 2008 ಮತ್ತು 2009ರಿಂದ. ದೊಡ್ಡ ದೂರವನ್ನು ಈ ಅಳತೆ ತುಂಬ ದೊಡ್ಡದಾಗಿ ಕಾಣುತ್ತದೆ, ಸಣ್ಣದನ್ನು ಹೆಚ್ಚುಕಡಿಮೆ ಮರೆತುಬಿಡುತ್ತದೆ. ನನಗೆ ಅದು ಸರಿಯೆಂದೇ ತೋರುತ್ತದೆ. ಮನೆ ನಡೆಸುವವರಿಗೂ ನೂರಿನ್ನೂರು ಏರುಪೇರಾದರೆ ನಿದ್ದೆ ಕೆಡುವುದಿಲ್ಲ, ಅರ್ಧಕ್ಕರ್ಧ ಹೋದರೆ ಕೆಡುತ್ತದೆ.

ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಬೇಕೆಂದರೆ ಮೊಬೈಲ್‌ನಲ್ಲೇ ಒಂದು ಶೀಟ್ ತೆರೆದು ಐದು ವರ್ಷದ ಫಲವನ್ನು, ಇಳಿದದ್ದಕ್ಕೆ ಮೈನಸ್ ಹಾಕಿ, A1ರಿಂದ ಒಂದರ ಕೆಳಗೊಂದು ತುಂಬಿಸಿ, ಕೆಳಗೆ ಇದನ್ನು ಬರೆಯಲಿ:

```
=STDEV.P(A1:A5)
```

ಉತ್ತರ 44ರ ಹತ್ತಿರ ಬರುತ್ತದೆ. `STDEV.S` ಎಂದು ಬರೆದರೆ 49 ಅಥವಾ 50ರ ಹತ್ತಿರ ಬರುತ್ತದೆ. ಅದು ಐದರ ಬದಲು ನಾಲ್ಕರಿಂದ ಭಾಗಿಸುತ್ತದೆ. ಕೈಯಲ್ಲಿರುವುದು ಇಡೀ ಕಥೆಯಲ್ಲ, ಅದರ ಒಂದು ತುಣುಕು ಮಾತ್ರ ಎಂದುಕೊಂಡಾಗ ಬಳಸುವ ರೀತಿ. ಮಗನ ಉತ್ತರವೂ ಪುಸ್ತಕದ ಉತ್ತರವೂ ಹೊಂದದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಜಗಳ ಇದೇ. ಸಂಖ್ಯೆಗಳು ಜಾಸ್ತಿ ಇದ್ದಾಗ ಈ ವ್ಯತ್ಯಾಸ ಕರಗಿಹೋಗುತ್ತದೆ.

ಈಗ ಆ ತಾಯಿಯ ಪ್ರಶ್ನೆ. ಒಂದು ಲಕ್ಷ 2008ರಲ್ಲಿ ಶೇ 52 ಬಿದ್ದು ಸುಮಾರು 48,200 ಆಯಿತು. 2009ರಲ್ಲಿ ಶೇ 76 ಏರಿತು ಎಂದೆನಲ್ಲ, ಅದು ಏರಿದ್ದು ಒಂದು ಲಕ್ಷದ ಮೇಲಲ್ಲ, ಉಳಿದಿದ್ದ 48,200ರ ಮೇಲೆ. ಹಾಗಾಗಿ ಆದದ್ದು 84,700. 52 ಕಳೆದು 76 ಕೂಡಿದರೆ 24 ಲಾಭ ಬರಬೇಕಿತ್ತು ಎಂದು ಬಾಯಿಲೆಕ್ಕ ಹೇಳುತ್ತದೆ. ಪಾಸ್‌ಬುಕ್ಕಿನಲ್ಲಿ ಇನ್ನೂ 15 ಸಾವಿರ ನಷ್ಟ. 2010ರ ಕೊನೆಗೆ 99,900, ಅಸಲು ಮುಟ್ಟಿತು ಅನ್ನುವಷ್ಟರಲ್ಲಿ 2011ರಲ್ಲಿ ಮತ್ತೆ ಬಿದ್ದು 75,300. 2012ರ ಕೊನೆಗೆ 96,200. ಬಿದ್ದಾಗ ಬೀಳುವುದು ದೊಡ್ಡ ಗಂಟು, ಏಳುವಾಗ ಏಳುವುದು ಚಿಕ್ಕ ಗಂಟು. ಆ ಒಂಬತ್ತು ಹೋದದ್ದು ಈ ತೂಗಾಟದ ಹೊಟ್ಟೆಗೆ.

ಎಷ್ಟು ತಿಂದಿತು ಎನ್ನುವುದಕ್ಕೂ ಅಂದಾಜು ಲೆಕ್ಕವಿದೆ, ಹಣಕಾಸು ಓದಿದವರಿಗೆ ಅದು ಗೊತ್ತು. ಮಾನಕ ವಿಚಲನೆಯನ್ನು ದಶಮಾಂಶದಲ್ಲಿ ಬರೆದು ವರ್ಗ ಮಾಡಿ ಅರ್ಧ ಮಾಡಬೇಕು. ಇಲ್ಲಿ 0.44ರ ವರ್ಗ ಸುಮಾರು 0.194, ಅದರ ಅರ್ಧ 0.097, ಅಂದರೆ ಶೇ 9.7. ಸರಾಸರಿ 9ರಿಂದ 9.7 ಕಳೆದರೆ ವರ್ಷಕ್ಕೆ ಮೈನಸ್ 0.7. ಲಕ್ಷ ರೂಪಾಯಿ 96,200 ಆಗಿದೆಯೆಂದರೆ ವರ್ಷಕ್ಕೆ ನಿಜವಾಗಿ ಆದದ್ದು ಮೈನಸ್ 0.8ರ ಹತ್ತಿರ. ಅಂದಾಜು ಸೂತ್ರ ಇಷ್ಟು ಹತ್ತಿರ ಬರುತ್ತದೆ. ಏರಿಳಿತ ಬರೀ ಎದೆ ಢವಢವ ಅನ್ನಿಸುವ ವಿಚಾರ ಎಂದು ಹಲವರು ತಿಳಿದಿದ್ದಾರೆ. ಅಲ್ಲ, ಅದು ದುಡ್ಡನ್ನೇ ತಿನ್ನುತ್ತದೆ. ಧೈರ್ಯ ಮಾಡಿ ಕಣ್ಣು ಮುಚ್ಚಿ ಕೂತವನ ದುಡ್ಡನ್ನೂ ತಿನ್ನುತ್ತದೆ.

ಪಕ್ಕದಲ್ಲಿ ಇನ್ನೊಂದು ಐದು ವರ್ಷ ಇಡೋಣ. 2018ರಿಂದ 2022ರವರೆಗೆ ಅದೇ ನಿಫ್ಟಿ ಏರಿದ್ದು ಕ್ರಮವಾಗಿ ಶೇ 3, 12, 15, 24, 4. ಸರಾಸರಿ 11.6. ಮಾನಕ ವಿಚಲನೆ ಎಂಟಕ್ಕೂ ಕಡಿಮೆ. ಇಲ್ಲಿ ತೂಗಾಟ ತಿಂದದ್ದು ವರ್ಷಕ್ಕೆ ಕಾಲು ಪರ್ಸೆಂಟಿಗೆ ಸ್ವಲ್ಪ ಮೇಲೆ, ಲೆಕ್ಕಕ್ಕೇ ಇಲ್ಲ. ಒಂದು ಲಕ್ಷ ಸುಮಾರು 1,72,000 ಆಯಿತು. ಎರಡು ಅವಧಿಯ ಸರಾಸರಿಗಳ ನಡುವೆ ಎರಡೂವರೆ ಪರ್ಸೆಂಟ್ ಅಂತರ. ಕೈಗೆ ಬಂದ ದುಡ್ಡಿನ ನಡುವೆ 75 ಸಾವಿರ ಅಂತರ. ಬಹುಪಾಲು ವ್ಯತ್ಯಾಸ ಮಾಡಿದ್ದು ಆ 44 ಮತ್ತು 8.

ಇಲ್ಲಿ ನನ್ನದೇ ಒಂದು ಮೂರ್ಖತನ ಹೇಳಿಕೊಳ್ಳಬೇಕು. 2007ರ ಡಿಸೆಂಬರಿನಲ್ಲಿ, ಎಲ್ಲರೂ ಷೇರು ಷೇರು ಎನ್ನುತ್ತಿದ್ದಾಗ, ಮಗಳ ಕಾಲೇಜಿಗೆಂದು ತೆಗೆದಿಟ್ಟಿದ್ದನ್ನು ಒಂದು ಫಂಡಿಗೆ ಹಾಕಿದೆ. ಬೇಕಿದ್ದದ್ದು 2009ರ ಜೂನ್‌ಗೆ. ದಿನಾ ಬೆಳಗ್ಗೆ ಹುಡುಗರಿಗೆ ಬೋರ್ಡಿನ ಮೇಲೆ ಮಾನಕ ವಿಚಲನೆ ಬರೆಸುತ್ತಿದ್ದ ಮನುಷ್ಯ ನಾನು, ನನ್ನ ದುಡ್ಡಿನ ಮಾನಕ ವಿಚಲನೆ ಎಷ್ಟೆಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಸೀಟಿನ ದುಡ್ಡು ಕಟ್ಟುವ ದಿನ ತೆಗೆದಾಗ ಲಕ್ಷಕ್ಕೆ ಎಪ್ಪತ್ತು ಸಾವಿರ ಚಿಲ್ಲರೆ ಬಂತು. ಉಳಿದದ್ದಕ್ಕೆ ಭಾವಮೈದುನನ ಮುಂದೆ ನಿಂತೆ. ಇನ್ನೊಂದೂವರೆ ವರ್ಷ ಬಿಟ್ಟಿದ್ದರೆ ಅಸಲು ಬರುತ್ತಿತ್ತು, ನಿಜ; ಆದರೆ ಕಾಲೇಜಿನವರು ಅಷ್ಟು ದಿನ ಸೀಟು ಹಿಡಿದಿಡುತ್ತಾರೆಯೇ?

ಶ್ರೀನಿವಾಸಪುರದವರಿಗೆ ನಾನು ಮಾವಿನ ಮಾತನ್ನೇ ತೆಗೆದೆ. ಒಂದು ವರ್ಷ ಮರ ತುಂಬ ಕಾಯಿ, ಮರುವರ್ಷ ಎಲೆ ಮಾತ್ರ ಎನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತು. ಹತ್ತು ವರ್ಷದ ಫಸಲಿನ ಮಾನಕ ವಿಚಲನೆ ತೆಗೆದರೆ 'ಏರಿಳಿತ ಜೋರಾಗಿದೆ' ಎಂದು ಅದು ಹೇಳುತ್ತದೆ. ಯಾವ ವರ್ಷದ ನಂತರ ಯಾವುದು ಬಂತು ಎಂದು ಹೇಳುವುದಿಲ್ಲ. ಸಂಖ್ಯೆಗಳನ್ನು ಇಸ್ಪೀಟೆಲೆಯಂತೆ ಕಲಸಿ ಮತ್ತೆ ಜೋಡಿಸಿದರೂ ಉತ್ತರ ಅದೇ. ಒಂದೇ ಕಂತಿನಲ್ಲಿ ಹಾಕಿ ಐದು ವರ್ಷ ಮುಟ್ಟದೆ ಇರುವವನಿಗೆ ಕ್ರಮ ಮುಖ್ಯವಲ್ಲ, ಕೊನೆಯ ಮೊತ್ತ ಒಂದೇ. ಆದರೆ ನಡುವೆ ತೆಗೆಯಬೇಕಾದವನಿಗೆ, ಅಥವಾ ತಿಂಗಳು ತಿಂಗಳು ಕಟ್ಟುವವನಿಗೆ ಕ್ರಮವೇ ಎಲ್ಲ. ಎಸ್‌ಐಪಿ ಕಟ್ಟಿದರೆ ಏರಿಳಿತದ ಭಯವಿಲ್ಲ ಎನ್ನುವ ಮಾತು ಅರ್ಧ ಮಾತ್ರ ನಿಜ. ಮೊದಮೊದಲ ವರ್ಷಗಳಲ್ಲಿ ಮಾರುಕಟ್ಟೆ ಬಿದ್ದರೆ ಅದೇ ದುಡ್ಡಿಗೆ ಹೆಚ್ಚು ಯೂನಿಟ್ ಸಿಗುತ್ತದೆ, ಒಳ್ಳೆಯದೇ. ಕೊನೆಯ ವರ್ಷದಲ್ಲಿ ಬಿದ್ದರೆ? ಅಷ್ಟೂ ವರ್ಷ ಕೂಡಿಸಿದ ಗಂಟೆಲ್ಲ ಒಟ್ಟಿಗೆ ಬೀಳುತ್ತದೆ, ಆ ತಿಂಗಳ ಕಂತಿಗೆ ಅಗ್ಗವಾಗಿ ಸಿಕ್ಕ ಯೂನಿಟ್ಟು ಅದರ ಮುಂದೆ ಚಿಲ್ಲರೆ.

ಫಂಡಿನವರು ತಿಂಗಳಿಗೊಮ್ಮೆ ಹೊರಡಿಸುವ ಫ್ಯಾಕ್ಟ್‌ಶೀಟ್‌ನಲ್ಲಿ ಈ ಸಂಖ್ಯೆ ಅಚ್ಚಾಗಿಯೇ ಇರುತ್ತದೆ. ಸಾಮಾನ್ಯವಾಗಿ ಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ. ಅದು ನಾವು ಮೇಲೆ ಮಾಡಿದಂತೆ ವರ್ಷದ ಲೆಕ್ಕವಲ್ಲ. ಕಳೆದ ಮೂರು ವರ್ಷದ 36 ತಿಂಗಳ ಫಲವನ್ನು ತೆಗೆದುಕೊಂಡು, ಅವುಗಳ ಮಾನಕ ವಿಚಲನೆ ಕಂಡುಹಿಡಿದು, ಹನ್ನೆರಡರ ವರ್ಗಮೂಲದಿಂದ, ಅಂದರೆ ಸುಮಾರು ಮೂರೂವರೆಯಿಂದ ಗುಣಿಸಿ ವರ್ಷದ ಅಳತೆಗೆ ತಂದಿರುತ್ತಾರೆ. ತಿಂಗಳ ತೂಗಾಟ 4 ಇದ್ದರೆ ಕಾಗದದ ಮೇಲೆ 14ರ ಹತ್ತಿರ ಕಾಣುತ್ತದೆ. ಆ 14 ಒಳ್ಳೆಯದೋ ಕೆಟ್ಟದೋ ಎನ್ನುವುದು ಒಂಟಿಯಾಗಿ ಗೊತ್ತಾಗುವುದಿಲ್ಲ. ಅದೇ ಜಾತಿಯ ಇನ್ನೊಂದು ಫಂಡಿನ, ಇಲ್ಲವೇ ಅದು ಹೋಲಿಸಿಕೊಳ್ಳುವ ಸೂಚ್ಯಂಕದ ಅದೇ ತಿಂಗಳ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. ಷೇರು ಫಂಡಿನ ತೂಗಾಟವನ್ನು ಸಾಲಪತ್ರದ ಫಂಡಿನ ಜೊತೆ ಹೋಲಿಸಿದರೆ ಟೊಮೆಟೊ ಮತ್ತು ಹಾಲಿನ ಜಗಳವಾಗುತ್ತದೆ.

ಈ ಮೂರು ವರ್ಷದ ಕಿಟಕಿಯಲ್ಲಿ ಒಂದು ಮೋಸವಿದೆ, ಯಾರೂ ಬೇಕೆಂದು ಮಾಡಿದ್ದಲ್ಲ. 2020ರ ಮಾರ್ಚ್ ತಿಂಗಳೊಂದರಲ್ಲೇ ನಿಫ್ಟಿ ಶೇ 23 ಬಿದ್ದಿತ್ತು, ಕೊರೊನಾ ಲಾಕ್‌ಡೌನ್ ತಿಂಗಳು ಅದು. ಮುಂದಿನ ಮೂರು ವರ್ಷ ಪ್ರತಿಯೊಂದು ಷೇರು ಫಂಡಿನ ಕಾಗದದಲ್ಲೂ ಆ ತಿಂಗಳು ಕೂತಿತ್ತು. ವರ್ಗ ಮಾಡಿದಾಗ ದೊಡ್ಡ ದೂರ ಎಷ್ಟು ಉಬ್ಬುತ್ತದೆ ಎಂದು ನೋಡಿದೆವಲ್ಲ, ಹಾಗೆ ಆ ಒಂದು ತಿಂಗಳೇ ಸಂಖ್ಯೆಯನ್ನು ಮೇಲೆ ಎತ್ತಿ ಹಿಡಿದಿತ್ತು. 2023ರ ಮಾರ್ಚ್ ಕೊನೆಯ ಲೆಕ್ಕದಲ್ಲಿ ಅದು 36 ತಿಂಗಳ ಕಿಟಕಿಯಿಂದ ಆಚೆ ಹೋಯಿತು. ಒಂದೇ ತಿಂಗಳ ಅಂತರದಲ್ಲಿ ಷೇರು ಫಂಡುಗಳ ಮಾನಕ ವಿಚಲನೆ ಇಳಿದುಬಿಟ್ಟಿತು. ಫಂಡು ಬದಲಾಗಿರಲಿಲ್ಲ, ಕೊಂಡ ಷೇರು ಬದಲಾಗಿರಲಿಲ್ಲ. ಕೆಟ್ಟ ತಿಂಗಳು ಪಟ್ಟಿಯಿಂದ ಉದುರಿತ್ತು, ಅಷ್ಟೇ. ಆದ್ದರಿಂದ ಕಾಗದ ನೋಡುವಾಗ ಮೊದಲು ಕೇಳಬೇಕಾದದ್ದು, ಈ ಮೂರು ವರ್ಷದಲ್ಲಿ ಬಿರುಗಾಳಿ ಬಂದಿತ್ತೇ? ಬಂದಿಲ್ಲದಿದ್ದರೆ ಆ ಸಂಖ್ಯೆ ಹೇಳುತ್ತಿರುವುದು ಬಿಸಿಲು ಕಾಲದಲ್ಲಿ ಮಾಡು ಸೋರಲಿಲ್ಲ ಎಂದು.

ವರ್ಷದ ಲೆಕ್ಕವೂ ಇದೇ ರೀತಿ ಮರೆಮಾಚುತ್ತದೆ. ಮೇಲಿನ ಎರಡನೇ ಪಟ್ಟಿಯಲ್ಲಿ 2020ರ ಎದುರು ಬರೆದದ್ದು ಶೇ 15 ಲಾಭ. ಆ ವರ್ಷ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ರಂದು 7,610ಕ್ಕೆ ಬಿದ್ದಿತ್ತು ಎಂಬುದರ ಸುಳಿವೇ ಆ 15ರಲ್ಲಿ ಇಲ್ಲ. ದುಡ್ಡು ಬೇಕಾದ ತಾರೀಕು ಏಪ್ರಿಲ್ ಇದ್ದವರಿಗೆ ಡಿಸೆಂಬರಿನ ಲಾಭ ಯಾತಕ್ಕೆ?

ಪುಸ್ತಕದಲ್ಲಿ ಇನ್ನೊಂದು ನಿಯಮವನ್ನು ಮಕ್ಕಳು ಕಲಿಯುತ್ತಾರೆ. ಗಂಟೆಯಾಕಾರದ ಹಂಚಿಕೆ ಇದ್ದರೆ ಮೂರರಲ್ಲಿ ಎರಡು ಪಾಲು ಫಲಗಳು ಸರಾಸರಿಯ ಒಂದು ಮಾನಕ ವಿಚಲನೆಯ ಒಳಗೆ ಬರುತ್ತವೆ ಎಂದು. ನಿಫ್ಟಿಯ 2008ರಿಂದ 2024ರವರೆಗಿನ 17 ವರ್ಷ ತೆಗೆದುಕೊಂಡರೆ ಸರಾಸರಿ 11.6, ಮಾನಕ ವಿಚಲನೆ 26ರ ಹತ್ತಿರ. ಅಂದರೆ ಮೈನಸ್ 14ರಿಂದ ಪ್ಲಸ್ 37ರವರೆಗೆ. ಆ ಗೆರೆಗಳ ಒಳಗೆ 14 ವರ್ಷಗಳು ಬಂದಿವೆ, ನಿಯಮ ಹೇಳಿದ್ದಕ್ಕಿಂತ ಹೆಚ್ಚು. ಹೊರಗೆ ಹೋದದ್ದು ಮೂರೇ. ಆದರೆ ಅದರಲ್ಲಿ ಎರಡು ತುಂಬ ದೂರ ಹೋದವು. ಷೇರುಪೇಟೆಯ ಸ್ವಭಾವ ಇದು: ಬಹಳ ಕಾಲ ಗೆರೆಯೊಳಗೆ ಸಾಧುವಾಗಿ ಇರುತ್ತದೆ, ಹೊರಗೆ ಹೋದರೆ ಊರು ಬಿಟ್ಟೇ ಹೋಗುತ್ತದೆ. ಹಾಗಾಗಿ ಪುಸ್ತಕದ ನಿಯಮವನ್ನು ಪರೀಕ್ಷೆಯಲ್ಲಿ ಬರೆಯಲಿ, ಫೀಸಿನ ದುಡ್ಡಿಗೆ ಅದನ್ನು ಭರವಸೆಯಾಗಿ ಹಿಡಿಯುವುದು ಬೇಡ.

ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ತಂದೆಯೊಬ್ಬರು ಎದ್ದು, "ಮೇಲಕ್ಕೆ ಹೋಗಿದ್ದನ್ನೂ ದೂರ ಅಂತಲೇ ಸೇರಿಸ್ತೀರಲ್ಲ ಸಾರ್, ಲಾಭ ಬಂದ್ರೂ ತಪ್ಪಾ?" ಎಂದು ಕೇಳಿದರು. ಸರಿಯಾದ ಆಕ್ಷೇಪಣೆ. ಹೂಡಿಕೆಯ ಅಪಾಯವನ್ನು ಈ ಅಳತೆಯಿಂದ ಲೆಕ್ಕ ಹಾಕುವ ರೀತಿಯನ್ನು 1952ರಲ್ಲಿ ಕೊಟ್ಟ ಹ್ಯಾರಿ ಮಾರ್ಕೋವಿಟ್ಸ್ ಕೂಡ, ಕೆಳಗೆ ಬಿದ್ದದ್ದನ್ನು ಮಾತ್ರ ಎಣಿಸುವ ಬೇರೆ ಅಳತೆಯ ಬಗ್ಗೆ ಆಮೇಲೆ ಬರೆದರು. ಆದರೂ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಒಂದೇ ವರ್ಷ ಶೇ 76 ಏರುವ ವಸ್ತು ಶೇ 52 ಬೀಳಲೂ ಬಲ್ಲದು ಎನ್ನುವುದು ನಮ್ಮ ಯಾರ್ಡಿನಲ್ಲಿ ಹೇಳಿಕೊಡಬೇಕಾದ ವಿಷಯವಲ್ಲ.

ಹಾಗಾದರೆ ಏರಿಳಿತ ಸೊನ್ನೆಯಿರುವುದೇ ಒಳ್ಳೆಯದೇ? ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿಯನ್ನು ನೋಡಿ. 2020ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಬಡ್ಡಿ ಶೇ 7.6, ಆಮೇಲೆ 8, 2024ರ ಜನವರಿಯಿಂದ 8.2. ತೂಗಾಟ ಹೆಚ್ಚುಕಡಿಮೆ ಸೊನ್ನೆ, ಹಿಂದೆ ಸರ್ಕಾರದ ಹೊಣೆ ಇದೆ. ಇನ್ನೊಂದು ಬಗೆಯ ಸೊನ್ನೆಯೂ ಉಂಟು. ಬೆಂಗಳೂರಿನ ಐಎಂಎ ಎಂಬ ಕಂಪನಿ ತಿಂಗಳು ತಿಂಗಳು ಲಾಭ ಹಂಚುತ್ತಿತ್ತು, ಕೊನೆಗೆ 2019ರ ಜೂನ್‌ನಲ್ಲಿ ಬಾಗಿಲು ಹಾಕಿ ಅದರ ಯಜಮಾನ ವಿದೇಶಕ್ಕೆ ಹೋದ. ದುಡ್ಡು ಬರುತ್ತಿದ್ದ ತಿಂಗಳುಗಳ ಲಾಭವನ್ನು ಮಾತ್ರ ಇಟ್ಟುಕೊಂಡು ಲೆಕ್ಕ ಹಾಕಿದ್ದರೆ ಷೇರುಪೇಟೆಗಿಂತ ಅದೇ ಶಾಂತವಾಗಿ ಕಾಣುತ್ತಿತ್ತು. ಮಾನಕ ವಿಚಲನೆ ಅಳೆಯುವುದು ಆಗಿಹೋದ ತೂಗಾಟವನ್ನು. ಗಂಟೇ ಇಲ್ಲವಾಗುವ ಅಪಾಯವನ್ನು ಅದು ಕಾಣುವುದಿಲ್ಲ. ಚಿನ್ನ, ಜಮೀನು, ವ್ಯಾಪಾರ ಇಂಥ ಯಾವುದರಲ್ಲೋ ದುಡ್ಡು ತೊಡಗಿಸಿದ್ದೇವೆ ಎನ್ನುವವರು ಬ್ಯಾಂಕಿಗಿಂತ ಎಷ್ಟೋ ಹೆಚ್ಚು ಕೊಟ್ಟು, ಅದರಲ್ಲಿ ಒಂದು ತಿಂಗಳೂ ಏರುಪೇರಾಗದಿದ್ದರೆ, ಆ ನುಣುಪನ್ನೇ ಅನುಮಾನಿಸಬೇಕು. ಚಿನ್ನವೇ ಆಗಲಿ ಜಮೀನೇ ಆಗಲಿ, ನಿಜವಾದ ಬೆಲೆ ತೂಗದೆ ಇರುವುದಿಲ್ಲ.

ಮಗಳು ಒಂಬತ್ತನೇ ಕ್ಲಾಸಿನಲ್ಲಿರುವ ಆ ಯಜಮಾನರಿಗೆ ಏನು ಹೇಳುವುದು? ನಾನು ಅವರ ಮುಂದೆ ಒಂದು ಲೆಕ್ಕ ಮಾಡಿ ತೋರಿಸಿದೆ. ಅದೇ 2008ರಿಂದ 2012. ಅರ್ಧ ನಿಫ್ಟಿಯಲ್ಲಿ, ಅರ್ಧ ವರ್ಷಕ್ಕೆ ಶೇ 7 ಬರುವ ಠೇವಣಿಯಲ್ಲಿ ಎಂದಿಟ್ಟುಕೊಳ್ಳಿ. ಪ್ರತಿ ವರ್ಷದ ಕೊನೆಗೆ ಹೆಚ್ಚಾದ ಕಡೆಯಿಂದ ತೆಗೆದು ಕಡಿಮೆಯಾದ ಕಡೆ ಹಾಕಿ ಮತ್ತೆ ಅರ್ಧರ್ಧ ಮಾಡಬೇಕು. ಠೇವಣಿ ತೂಗುವುದಿಲ್ಲವಾದ್ದರಿಂದ ಒಟ್ಟು ಗಂಟಿನ ಮಾನಕ ವಿಚಲನೆ 44ರಿಂದ ಸರಿಯಾಗಿ ಅರ್ಧ, 22ಕ್ಕೆ ಇಳಿಯುತ್ತದೆ. ಸರಾಸರಿ ಇಳಿಯುವುದು 9ರಿಂದ 8ಕ್ಕೆ ಮಾತ್ರ. ಲಕ್ಷ ರೂಪಾಯಿ 1,32,000 ಆಗುತ್ತದೆ. ಪೂರ್ತಿ ನಿಫ್ಟಿಯಲ್ಲಿ 96,200 ಇತ್ತು, ನೆನಪಿರಲಿ. ಸುಮ್ಮನೆ ಠೇವಣಿಯಲ್ಲೇ ಇಟ್ಟಿದ್ದರೆ 1,40,000 ಆಗುತ್ತಿತ್ತು ಎನ್ನುವುದನ್ನೂ ಮುಚ್ಚಿಡಲಿಲ್ಲ. 2018ರಿಂದ 2022ರ ಶಾಂತ ಕಾಲದಲ್ಲಿ ಇದೇ ಅರ್ಧರ್ಧ ಮಾಡಿದ್ದರೆ 1,72,000ದ ಬದಲು 1,56,000 ಸಿಗುತ್ತಿತ್ತು. ಆ ಹದಿನಾರು ಸಾವಿರ, ತೂಗಾಟ ಅರ್ಧ ಮಾಡಿಕೊಂಡದ್ದಕ್ಕೆ ಕೊಟ್ಟ ಬೆಲೆ.

ಅರ್ಧರ್ಧವೇ ಸರಿಯೆಂದು ನಾನು ಹೇಳುತ್ತಿಲ್ಲ. ಫೀಸ್ ಕಟ್ಟುವ ತಾರೀಕಿಗೆ ಹತ್ತು ವರ್ಷ ಇದ್ದರೆ ಷೇರಿನ ಪಾಲು ಹೆಚ್ಚಿರಲಿ, ಬಿದ್ದು ಏಳಲು ಸಮಯವಿದೆ. ಮೂರು ವರ್ಷವಿದ್ದರೆ ಆ ಪಾಲು ಚಿಕ್ಕದಾಗಬೇಕು. ಕೊನೆಯ ವರ್ಷದಲ್ಲಿ ನಾನಾದರೆ ಒಂದು ರೂಪಾಯಿಯನ್ನೂ ಅಲ್ಲಿ ಬಿಡುವುದಿಲ್ಲ, 2009ರ ಜೂನ್ ನನಗೆ ಇನ್ನೂ ನೆನಪಿದೆ. ಯಜಮಾನರು ಮೊಬೈಲ್ ಜೇಬಿಗೆ ಹಾಕಿಕೊಂಡು, "ಹಂಗಾದ್ರೆ ಮೂವತ್ತಾರು ಪರ್ಸೆಂಟ್ ಅಂತ ಮನೇಲಿ ಹೇಳ್ಬಾರ್ದು" ಅಂದರು. ಹನ್ನೆರಡು ಬರಬಹುದು, ಒಂದು ಕೆಟ್ಟ ವರ್ಷ ಸಿಕ್ಕರೆ ಅಸಲೇ ಮುಕ್ಕಾಲಾಗಬಹುದು, ಎರಡನ್ನೂ ಹೇಳಿ ಎಂದೆ.

ಸಭೆ ಮುಗಿದು ಎರಡು ವಾರಕ್ಕೆ ಮುಳಬಾಗಿಲಿನ ಆ ತಾಯಿ ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ಮೊದಲ ಪಿಯುಸಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಡೇರಿ ಪಾಸ್‌ಬುಕ್ಕಿನ ಹನ್ನೆರಡು ಬಟವಾಡೆ, ಎದುರು ಪುಟದಲ್ಲಿ ಮಂಡಿಯ ಹನ್ನೆರಡು ಟೊಮೆಟೊ ಚೀಟಿ ಬರೆದುಕೊಂಡಿದ್ದ. ಎರಡರ ಸರಾಸರಿಯೂ ಹತ್ತಿರ ಹತ್ತಿರ ಬಂದಿತ್ತು. ಮಾನಕ ವಿಚಲನೆ ಬರೆಯುವಲ್ಲಿ ಒಂದು ಕಡೆ ವರ್ಗಮೂಲ ತೆಗೆಯುವುದನ್ನು ಮರೆತು ಟೊಮೆಟೊ ಎದುರು ಆರಂಕಿಯ ಸಂಖ್ಯೆ ಬರೆದಿದ್ದ. ಅಮ್ಮ ಅದನ್ನು ನೋಡಿ, "ನನಗೇನೋ ಇದೇ ಸರಿ ಅನ್ನಿಸ್ತು ಸಾರ್" ಎಂದರು.